ಪನೀರ್ ಬಟರ್ ಮಸಾಲ: ಪ್ರೋಟೀನ್ ತುಂಡಿನಲ್ಲಿ, ಕೊಬ್ಬು ಗ್ರೇವಿಯಲ್ಲಿ

ಜಿಮ್‌ಗೆ ಹೋಗುವ ಸಸ್ಯಾಹಾರಿಗಳು ಮನೆಯವರ ಜೊತೆ ಹೋಟೆಲಿಗೆ ಹೋದರೆ ಮೆನುವಿನಲ್ಲಿ ಮೊದಲು ಹುಡುಕುವುದು ಪನೀರನ್ನು. ಪನೀರ್ ಇದ್ದಲ್ಲಿ ಪ್ರೋಟೀನ್ ಇದೆ ಎಂಬ ನಂಬಿಕೆ ಅದರ ಹಿಂದಿದೆ. ಪನೀರಿನ ಮಟ್ಟಿಗೆ ಅದು ನಿಜವೇ. ಆದರೆ ಪನೀರ್ ಬಟರ್ ಮಸಾಲದಲ್ಲಿ ಪನೀರ್ ಎಷ್ಟಿದೆ, ಅದನ್ನು ಮುಳುಗಿಸಿದ ಕೆಂಪು ಗ್ರೇವಿಯಲ್ಲಿ ಏನಿದೆ ಎಂದು ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಕಾಣುತ್ತದೆ. ಪ್ರೋಟೀನ್, ಕೊಬ್ಬು, ಕಾರ್ಬೋಹೈಡ್ರೇಟ್ ಎಂಬ ಮೂರು ಮ್ಯಾಕ್ರೋಗಳಲ್ಲಿ ಈ ಖಾದ್ಯದ ಬಹುಪಾಲನ್ನು ಕೊಬ್ಬೇ ಹಿಡಿದಿದೆ, ಆ ಕೊಬ್ಬಿನಲ್ಲಿ ಹೆಚ್ಚಿನದು ಪನೀರಿನದಲ್ಲ.

ಅಡುಗೆಮನೆಯಲ್ಲಿ ಅದು ತಯಾರಾಗುವ ಬಗೆ ನೋಡಿದರೆ ಕಾರಣ ತಿಳಿಯುತ್ತದೆ. ಉತ್ತರ ಭಾರತದ ಊಟ ಕೊಡುವ ಹೋಟೆಲುಗಳು ಸಾಮಾನ್ಯವಾಗಿ ಪ್ರತಿ ಆರ್ಡರಿಗೂ ಹೊಸದಾಗಿ ಗ್ರೇವಿ ಮಾಡುವುದಿಲ್ಲ. ಟೊಮೆಟೊ, ಸ್ವಲ್ಪ ಈರುಳ್ಳಿ, ಗೋಡಂಬಿ, ಶುಂಠಿ, ಬೆಳ್ಳುಳ್ಳಿ ಎಲ್ಲವನ್ನೂ ಬೇಯಿಸಿ, ನುಣ್ಣಗೆ ರುಬ್ಬಿ, ಜರಡಿಯಲ್ಲಿ ಸೋಸಿ, ಬೆಣ್ಣೆ ಎಣ್ಣೆಯಲ್ಲಿ ಕುದಿಸಿದ ಮಖನಿ ಗ್ರೇವಿ ಮೊದಲೇ ದೊಡ್ಡ ಪಾತ್ರೆಯಲ್ಲಿ ಸಿದ್ಧವಾಗಿರುತ್ತದೆ. ಆರ್ಡರ್ ಬಂದಾಗ ಪ್ಯಾನಿಗೆ ಇನ್ನಷ್ಟು ಬೆಣ್ಣೆ ಹಾಕಿ, ಸೌಟಿನಲ್ಲಿ ಗ್ರೇವಿ ಸುರಿದು, ಪನೀರ್ ಸೇರಿಸಿ, ಕ್ರೀಮ್ ಬೆರೆಸಿ, ಕಸೂರಿ ಮೇಥಿ ಉದುರಿಸಿ ಇಳಿಸುತ್ತಾರೆ. ಬಡಿಸುವಾಗ ಮೇಲೊಂದು ಬೆಣ್ಣೆ ತುಂಡು ಬೀಳುವುದೂ ಉಂಟು. ಇಲ್ಲಿ ಗೋಡಂಬಿಯ ಕೆಲಸ ದೊಡ್ಡದು. ಅದರ ಪಿಷ್ಟ ಗ್ರೇವಿಯನ್ನು ದಪ್ಪಗೊಳಿಸುತ್ತದೆ, ಅದರ ಕೊಬ್ಬು ಟೊಮೆಟೊದ ಹುಳಿಯನ್ನು ಮೆತ್ತಗೆ ಮಾಡುತ್ತದೆ, ಬೆಣ್ಣೆಯೂ ನೀರೂ ಬೇರ್ಪಡದಂತೆ ಹಿಡಿದಿಡಲು ಅದು ನೆರವಾಗುತ್ತದೆ. ಆ ರೇಷ್ಮೆಯಂಥ ನಯ ಬರುವುದು ಹಾಗೆ. ಅದೇ ನಯ ಕೊಬ್ಬನ್ನು ನಮ್ಮ ಕಣ್ಣಿನಿಂದ ಮರೆಮಾಡುತ್ತದೆ ಕೂಡ. ಎಣ್ಣೆ ತೇಲುವ ಸಾರನ್ನು ನೋಡಿದ ಕೂಡಲೇ ಜಿಡ್ಡು ಎನ್ನುತ್ತೇವೆ, ಇದನ್ನು ಕಂಡಾಗ ಹಾಗೆನಿಸುವುದಿಲ್ಲ. ಕೆಲವೆಡೆ ಗೋಡಂಬಿ ದುಬಾರಿಯೆಂದು ಅದರ ಬದಲು ಅಥವಾ ಅದರ ಜೊತೆಗೆ ಕರಬೂಜದ ಬೀಜ, ಅಂದರೆ ಮಗಜ್, ರುಬ್ಬಿ ಹಾಕುತ್ತಾರೆ. ಆ ಬೀಜದಲ್ಲೂ ಕೊಬ್ಬು ಸುಮಾರಾಗಿ ಗೋಡಂಬಿಯಷ್ಟೇ ಇರುವುದರಿಂದ ಲೆಕ್ಕ ಹೆಚ್ಚೇನೂ ಬದಲಾಗದು.

ಈಗ ಒಂದು ಪ್ಲೇಟನ್ನು ಬಿಡಿಸಿ ನೋಡೋಣ. ಪನೀರ್ 120 ಗ್ರಾಂ, ಅಂದರೆ 15 ಗ್ರಾಂನ ಎಂಟು ತುಂಡು. ಬೆಣ್ಣೆ 25 ಗ್ರಾಂ, ಎಣ್ಣೆ 10 ಗ್ರಾಂ, ಕ್ರೀಮ್ 40 ಗ್ರಾಂ, ಗೋಡಂಬಿ 25 ಗ್ರಾಂ. ಜೊತೆಗೆ ಟೊಮೆಟೊ 150, ಈರುಳ್ಳಿ 50, ಸಕ್ಕರೆ 5 ಗ್ರಾಂ. ಬೆಂದು ಬಟ್ಟಲಿಗೆ ಬರುವಾಗ ಎಲ್ಲ ಸೇರಿ 400 ಗ್ರಾಂ ಆಸುಪಾಸು.

ಪನೀರಿನಿಂದ ಬರುವುದು 22 ಗ್ರಾಂ ಪ್ರೋಟೀನ್, 27 ಗ್ರಾಂ ಕೊಬ್ಬು, ಸುಮಾರು 350 ಕ್ಯಾಲರಿ. ಬೆಣ್ಣೆಯಲ್ಲಿ ಶೇಕಡ 80ರಷ್ಟು ಕೊಬ್ಬಿರುವುದರಿಂದ ಅದರಿಂದ 20 ಗ್ರಾಂ ಸೇರುತ್ತದೆ, ಎಣ್ಣೆಯಿಂದ 10. ಪ್ಯಾಕೆಟ್ಟಿನ ಫ್ರೆಶ್ ಕ್ರೀಮಿನಲ್ಲಿ ಸಾಮಾನ್ಯವಾಗಿ ಶೇಕಡ 25 ಕೊಬ್ಬು, ಅದರಿಂದ ಇನ್ನೊಂದು 10. ಗೋಡಂಬಿ 11 ಗ್ರಾಂ ಕೊಬ್ಬಿನ ಜೊತೆ 5 ಗ್ರಾಂನಷ್ಟು ಪ್ರೋಟೀನನ್ನೂ ಕೊಡುತ್ತದೆ. ಟೊಮೆಟೊ, ಈರುಳ್ಳಿ, ಸಕ್ಕರೆಯದು ಮುಖ್ಯವಾಗಿ ಕಾರ್ಬ್, 15 ಗ್ರಾಂ.

ಎಲ್ಲವನ್ನೂ ಕೂಡಿದರೆ ಕೊಬ್ಬು 78 ಗ್ರಾಂ, ಪ್ರೋಟೀನ್ 30, ಕಾರ್ಬ್ 28, ಒಟ್ಟು ಸುಮಾರು 930 ಕ್ಯಾಲರಿ. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಕ್ಯಾಲರಿ ಕೊಬ್ಬಿನದೇ. ಪನೀರನ್ನು ಪಕ್ಕಕ್ಕೆತ್ತಿ ಬರೀ ಗ್ರೇವಿಯನ್ನು ನೋಡಿದರೆ 51 ಗ್ರಾಂ ಕೊಬ್ಬಿಗೆ ಎದುರಾಗಿ ಪ್ರೋಟೀನ್ ಇರುವುದು 8 ಗ್ರಾಂ ಮಾತ್ರ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ 2,000 ಕ್ಯಾಲರಿಯ ಮಾದರಿ ತಟ್ಟೆಯಲ್ಲಿ ಇಡೀ ದಿನಕ್ಕೆ ಎಣ್ಣೆ, ತುಪ್ಪ, ಬೆಣ್ಣೆ ಎಲ್ಲ ಸೇರಿ 27 ಗ್ರಾಂ ಇದೆ. ನಮ್ಮ ಪ್ಲೇಟಿನ ಬೆಣ್ಣೆ ಮತ್ತು ಎಣ್ಣೆಯೇ 35 ಗ್ರಾಂ. ಕೊಬ್ಬಿನ ಬಗೆಯೂ ಮುಖ್ಯ. ಪನೀರ್, ಬೆಣ್ಣೆ, ಕ್ರೀಮ್ ಮೂರೂ ಹಾಲಿನಿಂದ ಬಂದವು, ಹಾಲಿನ ಕೊಬ್ಬಿನಲ್ಲಿ ಹೆಚ್ಚಿನ ಪಾಲು ಸ್ಯಾಚುರೇಟೆಡ್ ಆಗಿರುತ್ತದೆ. ಈ ಪ್ಲೇಟಿನಲ್ಲಿ ಅದು 40 ಗ್ರಾಂ ಹತ್ತಿರ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 2,000 ಕ್ಯಾಲರಿ ತಿನ್ನುವವರಿಗೆ ದಿನಕ್ಕೆ 22 ಗ್ರಾಂ.

ಒಂದು ಪ್ಲೇಟನ್ನು ಒಬ್ಬರೇ ಮುಗಿಸುವುದು ಕಡಿಮೆ. ಇಬ್ಬರು ಹಂಚಿಕೊಂಡು ತಲಾ ಎರಡು ತಂದೂರಿ ರೊಟ್ಟಿ ತಿಂದರು ಎನ್ನೋಣ. 50 ಗ್ರಾಂ ಗೋಧಿ ಹಿಟ್ಟಿನ ರೊಟ್ಟಿಯಲ್ಲಿ 170 ಕ್ಯಾಲರಿ, 35 ಗ್ರಾಂ ಕಾರ್ಬ್, 5 ಗ್ರಾಂ ಪ್ರೋಟೀನ್. ಆಗ ಒಬ್ಬರ ಪಾಲಿಗೆ 800 ಕ್ಯಾಲರಿ, 25 ಗ್ರಾಂ ಪ್ರೋಟೀನ್. ಅದರಲ್ಲಿ ನಾಲ್ಕು ಪನೀರ್ ತುಂಡು ಕೊಟ್ಟದ್ದು 11 ಗ್ರಾಂ, ರೊಟ್ಟಿ ಕೊಟ್ಟದ್ದು 10. ಪ್ರೋಟೀನಿಗಾಗಿ ಪನೀರ್ ತರಿಸಿದವರು ಈ ಜೋಡಿ ಅಂಕಿಗಳನ್ನು ಗಮನಿಸಬೇಕು.

ಮೊಬೈಲ್ ಆ್ಯಪಿನಲ್ಲಿ ಇದನ್ನು ಬರೆದುಕೊಳ್ಳುವವರು ಎಡವುವುದು ಗ್ರೇವಿಯ ವಿಷಯದಲ್ಲೇ. ಮನೆಯಲ್ಲಿ ಒಂದು ಚಮಚ ಬೆಣ್ಣೆಯಲ್ಲಿ ಮಾಡಿದ ಪನೀರ್ ಮಸಾಲೆಯ ಅಂಕಿಯನ್ನು ಹೋಟೆಲಿನದಕ್ಕೂ ಆರಿಸಿಬಿಡುತ್ತಾರೆ. ಮೇಲಿನ ಲೆಕ್ಕದಂತೆ ಹೋಟೆಲಿನ 150 ಗ್ರಾಂ ಬಟ್ಟಲೆಂದರೆ 350 ಕ್ಯಾಲರಿ. ಹೋಟೆಲಿನಿಂದ ಹೋಟೆಲಿಗೆ ಇದೂ ಬದಲಾಗುತ್ತದೆ. ನನ್ನ ಮಟ್ಟಿಗೆ ನಂಬಬಹುದಾದ ಅಳತೆ ತುಂಡುಗಳ ಎಣಿಕೆ. 15 ಗ್ರಾಂನ ಒಂದು ತುಂಡಿನಲ್ಲಿ ಪ್ರೋಟೀನ್ ಮೂರು ಗ್ರಾಂಗಿಂತ ತುಸು ಕಡಿಮೆ. ಎರಡು ತುಂಡು ಸೇರಿದರೆ ಹೆಚ್ಚುಕಡಿಮೆ ಒಂದು ಮೊಟ್ಟೆಯಷ್ಟು. ಬಟ್ಟಲಿನಲ್ಲಿ ಎಂಟರ ಬದಲು ಐದೇ ತುಂಡಿದ್ದರೆ ಒಟ್ಟು ಪ್ರೋಟೀನ್ 22 ಗ್ರಾಂಗೆ ಇಳಿಯುತ್ತದೆ, ಕೊಬ್ಬು ಮಾತ್ರ 68ಕ್ಕೆ ನಿಲ್ಲುತ್ತದೆ.

ಈ ಲೆಕ್ಕ ಹಾಲಿನ ಪನೀರಿಗೆ ಮಾತ್ರ ಸಲ್ಲುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಪನೀರಿನಲ್ಲಿ ನೀರು ಶೇಕಡ 60 ಮೀರಬಾರದು, ಉಳಿದ ಒಣ ಅಂಶದಲ್ಲಿ ಕನಿಷ್ಠ ಅರ್ಧ ಹಾಲಿನ ಕೊಬ್ಬಾಗಿರಬೇಕು. ಹಾಲಿನ ಕೊಬ್ಬಿನ ಬದಲು ತಾಳೆ ಎಣ್ಣೆಯಂಥದ್ದನ್ನು ಹಾಕಿ, ಕೆಲವೊಮ್ಮೆ ಪಿಷ್ಟ ಬೆರೆಸಿ ಮಾಡಿದ ಅನಲಾಗ್ ಪನೀರಿನಲ್ಲಿ ಪ್ರೋಟೀನ್ ಬಹಳ ಕಡಿಮೆ ಇರಬಹುದು. ತುಂಡಿನ ಮೇಲೆ ಅಯೋಡಿನ್ ಹನಿಸಿದಾಗ ನೀಲಿಯಾದರೆ ಪಿಷ್ಟವಿದೆ ಎಂದರ್ಥ. ನೀಲಿಯಾಗದಿದ್ದರೆ ಅಸಲಿ ಎನ್ನುವಂತಿಲ್ಲ, ತಾಳೆ ಎಣ್ಣೆಯನ್ನು ಅಯೋಡಿನ್ ತೋರಿಸದು. ಅಯೋಡಿನ್ ತಾಗಿದ ತುಂಡನ್ನು ತಿನ್ನಬೇಡಿ.

ಕೊಬ್ಬು ಕಡಿಮೆ ಮಾಡಬೇಕೆಂದು ಹಲವರು ವೇಟರಿಗೆ ಬೆಣ್ಣೆ ಕಮ್ಮಿ ಹಾಕಿ ಎನ್ನುತ್ತಾರೆ. ಅದರಿಂದ ಮೇಲಿನ 10 ಗ್ರಾಂ ಬೆಣ್ಣೆ ತಪ್ಪಿದರೆ ಉಳಿಯುವುದು 70 ಕ್ಯಾಲರಿ. ಪಾತ್ರೆಯ ಗ್ರೇವಿಯಲ್ಲಿ ಮೊದಲೇ ಸೇರಿದ ಬೆಣ್ಣೆ, ಗೋಡಂಬಿಯನ್ನು ಯಾರೂ ತೆಗೆಯಲಾರರು. ತುಂಡುಗಳನ್ನೆಲ್ಲ ತಿಂದು ಗ್ರೇವಿಯಲ್ಲಿ ಮೂರನೇ ಒಂದು ಪಾಲು ಬಿಟ್ಟರೆ 17 ಗ್ರಾಂ ಕೊಬ್ಬು, ಹತ್ತಿರಹತ್ತಿರ 200 ಕ್ಯಾಲರಿ ತಟ್ಟೆಯಲ್ಲೇ ಉಳಿಯುತ್ತದೆ, ಪ್ರೋಟೀನ್ ಹೋಗುವುದು ಮೂರು ಗ್ರಾಂ ಒಳಗೆ. ಪಾರ್ಸೆಲ್ ತಂದವರು ಮಿಕ್ಕ ಗ್ರೇವಿಯನ್ನು ಫ್ರಿಜ್ಜಿನಲ್ಲಿಟ್ಟರೆ ಬೆಳಗ್ಗೆ ಮೇಲೆ ಹೆಪ್ಪುಗಟ್ಟಿದ ಕಿತ್ತಳೆ ಬಣ್ಣದ ಪದರ ಕಾಣಬಹುದು. ಅದನ್ನು ಚಮಚದಲ್ಲಿ ತೆಗೆದರೆ ಬೇರ್ಪಟ್ಟ ಬೆಣ್ಣೆಯ ಸ್ವಲ್ಪ ಭಾಗ ಹೋಗುತ್ತದೆ. ಕ್ರೀಮ್ ಮತ್ತು ಗೋಡಂಬಿಯ ಕೊಬ್ಬು ಗ್ರೇವಿಯೊಳಗೆ ಬೆರೆತೇ ಇರುತ್ತದೆ.