ಸರಿಯಬೇಕೋ, ನಿಲ್ಲಬೇಕೋ? — ಕಚೇರಿ ನೌಕರರಿಗೆ ಸಂಜೆಯ ಸ್ಪ್ರೆಡ್‌ಶೀಟ್ ಪಾಠ

ಹಗಲೆಲ್ಲ ಕಚೇರಿಯಲ್ಲಿ ದುಡಿದು ಸಂಜೆ ಪಾಠಕ್ಕೆ ಬಂದು ಕೂರುವ ಗುಮಾಸ್ತರು, ಲೆಕ್ಕಿಗರು ಹಾಗೂ ಸಹಾಯಕರಿಗೆ ಸ್ಪ್ರೆಡ್‌ಶೀಟನ್ನು ಕಲಿಸುವವರು ಮೊದಲು ಒಂದು ಸಂಗತಿಯನ್ನು ಮನಗಾಣಬೇಕು. ಇವರಿಗೆ ಲೆಕ್ಕ ಬರುತ್ತದೆ. ಕಿರ್ದಿ, ಖಾತೆಗಳ ಪರಿಚಯವಿದೆ. ಅಡ್ಡಮೊತ್ತವನ್ನೂ ಉದ್ದಮೊತ್ತವನ್ನೂ ತಾಳೆ ನೋಡುವ ಅಭ್ಯಾಸವಿದೆ. ಇವರು ಅರಿಯದಿರುವುದು ಯಂತ್ರವು ತಮ್ಮನ್ನು ಕೇಳದೆ ಕೈಗೊಳ್ಳುವ ಕೆಲವು ತೀರ್ಮಾನಗಳನ್ನು ಮಾತ್ರ. ಐದಾರು ಸಂಜೆಗಳ ಅಲ್ಪಾವಧಿಯ ಪಾಠದಲ್ಲಿ ನೂರು ಸೂತ್ರಗಳನ್ನು ಹೇಳಿಕೊಡುವುದಕ್ಕಿಂತ ಅಂತಹ ಎರಡು ತೀರ್ಮಾನಗಳನ್ನು ಚೆನ್ನಾಗಿ ಕಲಿಸುವುದು ಲೇಸು. ಒಂದು ಸೂತ್ರಕ್ಕೆ ಸಂಬಂಧಿಸಿದುದು, ಇನ್ನೊಂದು ಆಲೇಖಕ್ಕೆ ಸಂಬಂಧಿಸಿದುದು.

ಮೊದಲನೆಯದನ್ನು ವೇತನಪಟ್ಟಿಯ ಉದಾಹರಣೆಯಿಂದ ವಿವರಿಸಬಹುದು. ಮೊದಲ ಅಡ್ಡಸಾಲಿನಲ್ಲಿ ಶೀರ್ಷಿಕೆಗಳಿವೆ. A ಕಂಬಸಾಲಿನಲ್ಲಿ ನೌಕರರ ಹೆಸರು, B ಕಂಬಸಾಲಿನಲ್ಲಿ ಮೂಲವೇತನ. C ಕಂಬಸಾಲಿನಲ್ಲಿ ತುಟ್ಟಿಭತ್ಯೆ ಬರಬೇಕು. ಮೂವರು ನೌಕರರ ಮೂಲವೇತನ ಕ್ರಮವಾಗಿ 30,000, 32,000 ಮತ್ತು 28,000 ರೂಪಾಯಿಗಳಿರಲಿ. ಬದಿಯಲ್ಲಿ F1 ಕೋಶದಲ್ಲಿ ತುಟ್ಟಿಭತ್ಯೆಯ ದರ ಶೇಕಡಾ 20 ಎಂದೂ, ಅದರ ಕೆಳಗೆ F2 ಕೋಶದಲ್ಲಿ ಮನೆಬಾಡಿಗೆ ಭತ್ಯೆಯ ದರ ಶೇಕಡಾ 10 ಎಂದೂ ಬರೆದಿದೆ. ವಿದ್ಯಾರ್ಥಿಯು C2 ಕೋಶದಲ್ಲಿ ಹೀಗೆ ಬರೆಯುತ್ತಾನೆ:

```
=B2*F1
```

6,000 ಎಂದು ಉತ್ತರ ಬರುತ್ತದೆ, ಸರಿಯಾಗಿದೆ. ಅದೇ ಸೂತ್ರವನ್ನು ಹಿಡಿದು ಕೆಳಕ್ಕೆ ಎಳೆದಾಗ ಎರಡನೆಯವನಿಗೆ 3,200, ಮೂರನೆಯವನಿಗೆ ಸೊನ್ನೆ ಬರುತ್ತದೆ. ಸೊನ್ನೆಯನ್ನು ಎಲ್ಲರೂ ಕಾಣುತ್ತಾರೆ. 3,200 ಯಾರ ಕಣ್ಣಿಗೂ ಬೀಳುವುದಿಲ್ಲ. ಸೊನ್ನೆ ಬಂದ ಸಾಲಿನಿಂದ ಕೆಳಗೆ ಮಾತ್ರ ಸೂತ್ರವನ್ನು ತಿದ್ದಿ, ಪಟ್ಟಿ ಸರಿಹೋಯಿತೆಂದು ಸಹಿಗೆ ಕಳುಹಿಸಿದರೆ, ಒಬ್ಬ ನೌಕರನ ಕೈಗೆ 3,200 ರೂಪಾಯಿ ಕಡಿಮೆ ಸಂಬಳ ಸೇರುತ್ತದೆ. ಎದ್ದು ಕಾಣುವ ತಪ್ಪಿಗಿಂತ ಸರಿಯಂತೆ ತೋರುವ ತಪ್ಪೇ ಹೆಚ್ಚು ಅಪಾಯಕರ.

ಹೀಗೇಕಾಯಿತು? C2 ಕೋಶದಲ್ಲಿ ಬರೆದ B2 ಎಂಬುದನ್ನು ಯಂತ್ರವು ‘ನನ್ನ ಎಡಗಡೆಯ ಪಕ್ಕದ ಕೋಶ’ ಎಂದೂ, F1 ಎಂಬುದನ್ನು ‘ನನ್ನಿಂದ ಬಲಕ್ಕೆ ಮೂರನೆಯದು, ಒಂದು ಸಾಲು ಮೇಲಿನದು’ ಎಂದೂ ಗ್ರಹಿಸುತ್ತದೆ. ದಾರಿ ಕೇಳಿದವನಿಗೆ ‘ಇಲ್ಲಿಂದ ಬಲಕ್ಕೆ ಮೂರನೆಯ ಮನೆ’ ಎಂದು ಹೇಳಿದಂತೆ. ಹೇಳಿಸಿಕೊಂಡವನು ಒಂದು ಬೀದಿ ಮುಂದೆ ಹೋಗಿ ಎಣಿಸಿದರೆ ಬೇರೆಯ ಮನೆಗೇ ಹೋಗಿ ಸೇರುತ್ತಾನೆ. ಸೂತ್ರವು C3ಕ್ಕೆ ಇಳಿದಾಗ B2 ಹೋಗಿ B3 ಆಗುತ್ತದೆ. ಇದು ನಮಗೆ ಬೇಕಾದದ್ದು. ಆದರೆ ಜೊತೆಯಲ್ಲಿಯೇ F1 ಹೋಗಿ F2 ಆಗುತ್ತದೆ; ಇದು ಬೇಡವಾದದ್ದು. F3 ಕೋಶವು ಖಾಲಿಯಿರುವುದರಿಂದ ಮೂರನೆಯವನಿಗೆ ಸೊನ್ನೆ ಬಂದಿತು. ದಾರಿಯ ಗುರುತಿನ ಬದಲು ಮನೆಯ ನಂಬರನ್ನೇ ಕೊಡುವ ಉಪಾಯ ಡಾಲರ್ ಚಿಹ್ನೆಯಲ್ಲಿದೆ:

```
=B2*$F$1
```

F ಅಕ್ಷರದ ಹಿಂದಿನ ಚಿಹ್ನೆಯು ಕಂಬಸಾಲನ್ನೂ, 1ರ ಹಿಂದಿನದು ಅಡ್ಡಸಾಲನ್ನೂ ಕದಲದಂತೆ ನಿಲ್ಲಿಸುತ್ತವೆ. ಎಕ್ಸೆಲ್‌ನಲ್ಲಿ ಸೂತ್ರದೊಳಗಿನ F1 ಎಂಬ ವಿಳಾಸದ ಮೇಲೆ ಕರ್ಸರ್ ಇಟ್ಟು ಕೀಲಿಮಣೆಯ F4 ಕೀಲಿಯನ್ನು ಒತ್ತಿದರೆ ಎರಡು ಚಿಹ್ನೆಗಳೂ ತಾವಾಗಿಯೇ ಬರುತ್ತವೆ.

ಈ ಚಿಹ್ನೆಯನ್ನು ಮಂತ್ರದಂತೆ ಬಾಯಿಪಾಠ ಮಾಡಿಸಿದರೆ ವಿದ್ಯಾರ್ಥಿಗಳು ಎಲ್ಲ ವಿಳಾಸಗಳಿಗೂ ಅದನ್ನು ಅಂಟಿಸಿಬಿಡುತ್ತಾರೆ. ಆಗ B2 ಕೂಡ ನಿಂತಲ್ಲೇ ನಿಂತು, ಪಟ್ಟಿಯಲ್ಲಿರುವ ಎಲ್ಲರಿಗೂ 6,000 ಬರುತ್ತದೆ. ಇಲ್ಲಿ ಒಂದು ಹಳೆಯ ಸಂಗತಿ ಬೋಧಕನ ನೆರವಿಗೆ ಬರುತ್ತದೆ. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬುವರು ರಚಿಸಿ 1979ರಲ್ಲಿ ಹೊರಬಂದ ವಿಸಿಕ್ಯಾಲ್ಕ್ ಎಂಬ ಕ್ರಮವಿಧಿಯಲ್ಲಿ ಸೂತ್ರವನ್ನು ನಕಲು ಮಾಡುವಾಗ, ಅದರಲ್ಲಿದ್ದ ಪ್ರತಿಯೊಂದು ವಿಳಾಸದ ವಿಷಯದಲ್ಲಿಯೂ ಯಂತ್ರವೇ ‘ಇದು ಬದಲಾಗಬೇಕೋ, ಬೇಡವೋ’ ಎಂದು ಕೇಳುತ್ತಿತ್ತು. ಇಂದಿನ ಕ್ರಮವಿಧಿಗಳು ಕೇಳುವುದಿಲ್ಲ. ಆದುದರಿಂದ ಆ ಪ್ರಶ್ನೆಯನ್ನು ಬರೆಯುವವನೇ ಕೇಳಿಕೊಳ್ಳಬೇಕು. ಸೂತ್ರವನ್ನು ಎಳೆಯುವ ಮೊದಲು ಪ್ರತಿ ವಿಳಾಸದ ಮೇಲೆ ಬೆರಳಿಟ್ಟು ‘ಸರಿಯಬೇಕೋ, ನಿಲ್ಲಬೇಕೋ’ ಎಂದು ಬಾಯಿಬಿಟ್ಟು ಹೇಳಿಸುವುದು, ಬಳಿಕ ಮೂರನೆಯ ಸಾಲಿನಲ್ಲಿ ಸೂತ್ರವು ಏನಾಗಿರುವುದೆಂದು ಕಾಗದದ ಮೇಲೆ ಮೊದಲೇ ಬರೆಸುವುದು, ಅನಂತರವೇ ಎಳೆಸುವುದು—ಈ ಕ್ರಮದಿಂದ ಚಿಹ್ನೆಯ ಅರ್ಥವು ಮನಸ್ಸಿನಲ್ಲಿ ನಿಲ್ಲುತ್ತದೆ. ಎಳೆದ ಮೇಲೆ ಕಂಟ್ರೋಲ್ ಕೀಲಿಯೊಡನೆ ` ಕೀಲಿಯನ್ನು ಒತ್ತಿದರೆ ಉತ್ತರಗಳ ಸ್ಥಾನದಲ್ಲಿ ಸೂತ್ರಗಳೇ ಕಾಣುತ್ತವೆ; ತಾನು ಬರೆದಿಟ್ಟುದನ್ನು ಅವುಗಳೊಡನೆ ಹೋಲಿಸಿ ನೋಡಬಹುದು.

ಮೂರು ಸಾಲುಗಳನ್ನು ಕಣ್ಣಿನಿಂದ ಪರೀಕ್ಷಿಸಬಹುದು. ಇನ್ನೂರು ಸಾಲುಗಳಿದ್ದರೆ ಲೆಕ್ಕಿಗನ ಹಳೆಯ ತಾಳೆಯೇ ಗತಿ. ಮೂಲವೇತನಗಳ ಮೊತ್ತ 90,000. ಅದರ ಶೇಕಡಾ 20 ಎಂದರೆ 18,000. ತುಟ್ಟಿಭತ್ಯೆಯ ಕಂಬಸಾಲಿನ ಮೊತ್ತವೂ ಅಷ್ಟೇ ಆಗಬೇಕು. ತಪ್ಪಾದ ಪಟ್ಟಿಯಲ್ಲಿ ಅದು 9,200 ಆಗುತ್ತದೆ. ಸೊನ್ನೆಯನ್ನು ಮಾತ್ರ ತಿದ್ದಿದ ಪಟ್ಟಿಯಲ್ಲಿ 14,800 ಆಗುತ್ತದೆ. ಎರಡೂ ಈ ಒಂದೇ ತಾಳೆಯಲ್ಲಿ ಸಿಕ್ಕಿಬೀಳುತ್ತವೆ. ಎಲ್ಲರಿಗೂ ಒಂದೇ ದರವಿರುವಲ್ಲಿ ಮಾತ್ರ ಈ ಪರೀಕ್ಷೆ ನಡೆಯುತ್ತದೆಂಬುದನ್ನೂ ಹೇಳಬೇಕು.

ಡಾಲರ್ ಚಿಹ್ನೆಗೂ ಒಂದು ಮಿತಿಯುಂಟು. ಅದು ವಿಳಾಸವನ್ನು ಕಾಯುತ್ತದೆ, ಆ ವಿಳಾಸದಲ್ಲಿರುವ ಅಂಕಿಯನ್ನು ಕಾಯುವುದಿಲ್ಲ. ಮುಂದೆ ದರವು ಹೆಚ್ಚಾದಾಗ F1ರಲ್ಲಿ ಹೊಸ ದರವನ್ನು ಬರೆದರೆ, ಅದನ್ನೇ ಅವಲಂಬಿಸಿರುವ ಹಿಂದಿನ ತಿಂಗಳುಗಳ ಪಟ್ಟಿಗಳೂ ಆ ಕ್ಷಣದಲ್ಲಿಯೇ ಬದಲಾಗಿಬಿಡುತ್ತವೆ. ಬಟವಾಡೆಯಾದ ಸಂಬಳಕ್ಕೂ ಪಟ್ಟಿಗೂ ಹೊಂದಿಕೆ ತಪ್ಪುತ್ತದೆ. ಆದ್ದರಿಂದ ಪ್ರತಿ ತಿಂಗಳ ಹಾಳೆಯಲ್ಲಿ ಆ ತಿಂಗಳ ದರವನ್ನೇ ಪ್ರತ್ಯೇಕವಾಗಿ ಬರೆದಿಡುವ ಪದ್ಧತಿಯನ್ನು ಮೊದಲಿನಿಂದಲೇ ರೂಢಿಸುವುದು ಒಳ್ಳೆಯದು.

ಇನ್ನು ಆಲೇಖದ ವಿಚಾರ. ಮೂರು ಶಾಖೆಗಳ ವಸೂಲಿ 95,000, 97,000 ಮತ್ತು 99,000 ರೂಪಾಯಿಗಳೆಂದು ಇಟ್ಟುಕೊಳ್ಳೋಣ. ಅಂಕಿಗಳನ್ನು ಆರಿಸಿ ಸ್ತಂಭಾಲೇಖವನ್ನು ಬರೆಸಿದರೆ, ಅಂಕಿಗಳು ಒಂದಕ್ಕೊಂದು ಹತ್ತಿರವಾಗಿರುವುದರಿಂದ ಎಕ್ಸೆಲ್ ಲಂಬಾಕ್ಷವನ್ನು ಸೊನ್ನೆಯಿಂದ ಆರಂಭಿಸದೆ ಮೇಲಿನ ಯಾವುದೋ ಅಂಕಿಯಿಂದ ತಾನೇ ಆರಂಭಿಸಬಹುದು. ಅದು 93,000 ಎಂದಾದರೆ ಸ್ತಂಭಗಳ ಎತ್ತರಗಳು 2,000, 4,000, 6,000ದ ಪ್ರಮಾಣದಲ್ಲಿ ಇರುತ್ತವೆ. ಅಂದರೆ ಮೂರನೆಯ ಶಾಖೆಯು ಮೊದಲನೆಯದರ ಮೂರು ಪಟ್ಟು ದುಡಿದಂತೆ ಕಾಣುತ್ತದೆ. ನಿಜವಾದ ಅಂತರವು ನೂರಕ್ಕೆ ನಾಲ್ಕರಷ್ಟು ಮಾತ್ರ. ಸೂತ್ರದಲ್ಲಿ ತಪ್ಪಿಲ್ಲ, ಅಂಕಿಯಲ್ಲಿ ತಪ್ಪಿಲ್ಲ; ಆದರೂ ಸಭೆಯಲ್ಲಿ ಮೊದಲ ಶಾಖೆಯ ನೌಕರನು ಕಾರಣವಿಲ್ಲದೆ ತಲೆತಗ್ಗಿಸಬೇಕಾಗುತ್ತದೆ.

ಸ್ತಂಭಾಲೇಖದಲ್ಲಿ ಕಣ್ಣು ಅಳೆಯುವುದು ಸ್ತಂಭದ ಪೂರ್ಣ ಉದ್ದವನ್ನು. ಬುಡವನ್ನು ಕತ್ತರಿಸಿದರೆ ಅಳತೆಯೇ ಕೆಡುತ್ತದೆ. ಅಕ್ಷದ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, Format Axis ಎಂಬಲ್ಲಿ Minimum ಎಂದಿರುವೆಡೆ 0 ಬರೆದರೆ ದೋಷ ನಿವಾರಣೆಯಾಗುತ್ತದೆ. ಆಗ ಮೂರು ಸ್ತಂಭಗಳೂ ಬಹುಮಟ್ಟಿಗೆ ಸಮನಾಗಿ ಕಂಡು, ‘ಇದರಲ್ಲಿ ತೋರಿಸುವುದೇನಿದೆ’ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಅದು ಸರಿಯಾದ ಪ್ರಶ್ನೆ. ಶಾಖೆಗಳ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲವೆಂಬುದೇ ಆ ಅಂಕಿಗಳ ಅರ್ಥ. ಅದನ್ನು ಹೇಳಲು ಮೂರು ಅಂಕಿಗಳ ಒಂದು ಪುಟ್ಟ ಪಟ್ಟಿ ಸಾಕು, ಆಲೇಖವೇ ಬೇಕಾಗಿಲ್ಲ.