ಎಲ್‌ಸಿ ಒಪ್ಪಂದಕ್ಕೆ ಹೊಂದದಿದ್ದಾಗ: ಖರೀದಿದಾರನಿಗೆ ಬರೆಯುವ ತಿದ್ದುಪಡಿ ಪತ್ರ

ಲೆಟರ್ ಆಫ್ ಕ್ರೆಡಿಟ್, ವ್ಯಾಪಾರಿಗಳ ಮಾತಿನಲ್ಲಿ ಎಲ್‌ಸಿ, ಖರೀದಿದಾರನ ಬ್ಯಾಂಕು ಮಾರಾಟಗಾರನಿಗೆ ಬರೆದುಕೊಡುವ ವಾಗ್ದಾನ. ಎಲ್‌ಸಿಯಲ್ಲಿ ಕೇಳಿರುವ ದಾಖಲೆಗಳನ್ನು ಕೇಳಿದ ರೀತಿಯಲ್ಲೇ, ಹೇಳಿದ ದಿನದೊಳಗೆ ಒಪ್ಪಿಸಿದರೆ ಹಣ ಕೊಡುತ್ತೇವೆ ಎನ್ನುವುದಷ್ಟೇ ಅದರ ತಿರುಳು. ಖರೀದಿದಾರ ಮತ್ತು ಮಾರಾಟಗಾರ ತಮ್ಮಲ್ಲಿ ಮಾಡಿಕೊಂಡ ಒಪ್ಪಂದಕ್ಕೂ ಈ ವಾಗ್ದಾನಕ್ಕೂ ಬ್ಯಾಂಕಿನ ಮಟ್ಟಿಗೆ ಸಂಬಂಧವಿಲ್ಲ. ಜಗತ್ತಿನ ಬಹುತೇಕ ಎಲ್‌ಸಿಗಳು ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಯುಸಿಪಿ 600 ನಿಯಮಗಳಿಗೆ ಒಳಪಟ್ಟಿರುತ್ತವೆ. 2007ರ ಜುಲೈನಿಂದ ಜಾರಿಯಲ್ಲಿರುವ ಈ ನಿಯಮಗಳ ಪ್ರಕಾರ, ಎಲ್‌ಸಿಯಲ್ಲಿ ಒಪ್ಪಂದದ ಹೆಸರು ಬಂದಿದ್ದರೂ ಬ್ಯಾಂಕು ಅದಕ್ಕೆ ಬದ್ಧವಲ್ಲ. ಹಾಗಾಗಿ ಒಪ್ಪಂದದಲ್ಲಿ ಒಂದಿದ್ದು ಎಲ್‌ಸಿಯಲ್ಲಿ ಇನ್ನೊಂದು ಬಂದರೆ, ದುಡ್ಡಿನ ವಿಷಯದಲ್ಲಿ ಗೆಲ್ಲುವುದು ಎಲ್‌ಸಿಯೇ. ಸರಕು ಹಡಗು ಹತ್ತುವ ಮೊದಲೇ ಅದನ್ನು ತಿದ್ದಿಸಿಕೊಳ್ಳುವುದು ರಫ್ತುದಾರನ ಕೆಲಸ.

ತಪ್ಪು ನುಸುಳುವುದು ಸಾಮಾನ್ಯವಾಗಿ ಖರೀದಿದಾರನ ಅರ್ಜಿಯಲ್ಲಿ. ಅವನ ಕಚೇರಿಯ ಗುಮಾಸ್ತರು ಹಿಂದಿನ ಯಾವುದೋ ವ್ಯವಹಾರದ ನಮೂನೆಯನ್ನು ತೆಗೆದು, ಸರಕು ಮತ್ತು ಮೊತ್ತವನ್ನಷ್ಟೇ ಬದಲಿಸಿ ಬ್ಯಾಂಕಿಗೆ ಕೊಟ್ಟಿರುತ್ತಾರೆ. ಹಳೆಯ ಷರತ್ತುಗಳು ಹಾಗೇ ಉಳಿದುಬಿಡುತ್ತವೆ. ಮೋಸದ ಉದ್ದೇಶ ಅಪರೂಪ. ಆದರೆ ಉದ್ದೇಶ ಏನೇ ಇರಲಿ, ಫಲ ಒಂದೇ.

ಒಂದು ಕಲ್ಪಿತ ವ್ಯವಹಾರವನ್ನು ಇಟ್ಟುಕೊಂಡು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಹಾಸನ ಜಿಲ್ಲೆಯ ಕಾಫಿ ರಫ್ತುದಾರನೊಬ್ಬ ಜೋರ್ಡಾನಿನ ಅಮ್ಮಾನ್ ನಗರದ ವ್ಯಾಪಾರಿಗೆ ಎರಡು ಕಂಟೇನರ್ ರೋಬಸ್ಟಾ ಚೆರ್ರಿ ಎಬಿ ಮಾರಲು ಒಪ್ಪಿದ್ದಾನೆ. ಕಂಟೇನರಿಗೆ 60 ಕಿಲೋದ 320 ಚೀಲ, ಒಟ್ಟು 38.4 ಟನ್. ಟನ್ನಿಗೆ 4,000 ಡಾಲರ್, ಎಫ್‌ಒಬಿ ನವಮಂಗಳೂರು ಬಂದರು. ಅಂದರೆ ಹಡಗಿನ ಬಾಡಿಗೆ ಮತ್ತು ವಿಮೆ ಖರೀದಿದಾರನದು. ಎಲ್‌ಸಿಯ ಮೊತ್ತ 1,53,600 ಡಾಲರ್. ಮೊದಲ ಕಂಟೇನರ್ ಜೂನ್ 15ರೊಳಗೆ, ಎರಡನೆಯದು ಜೂನ್ 30ರೊಳಗೆ ಹೊರಡಬೇಕು ಎಂಬುದು ಮಾತು.

ಬಂದ ಎಲ್‌ಸಿಯಲ್ಲಿ ಮೊತ್ತ, ಸರಕು, ಚೀಲದ ಲೆಕ್ಕ ಎಲ್ಲ ಸರಿಯಾಗಿದೆ. ಮೊತ್ತ ನೋಡಿ ಸಮಾಧಾನಪಟ್ಟು ಕಾಗದವನ್ನು ಫೈಲಿಗೆ ಸೇರಿಸುವವರು ಎಡವುವುದು ಇಲ್ಲಿಯೇ. ಕೆಳಗೆ ಓದುತ್ತ ಹೋದರೆ 43P ಕಾಲಂನಲ್ಲಿ ಸರಕನ್ನು ಭಾಗಭಾಗವಾಗಿ ಕಳಿಸುವಂತಿಲ್ಲ ಎಂದಿದೆ. 44C ಕಾಲಂನಲ್ಲಿ ಹಡಗು ಹತ್ತಿಸುವ ಕೊನೆಯ ದಿನ ಜೂನ್ 15. ಇವೆರಡೂ ಸೇರಿದರೆ ಎರಡು ಕಂಟೇನರೂ ಜೂನ್ 15ರೊಳಗೆ ಒಟ್ಟಿಗೇ ಹೋಗಬೇಕಾಗುತ್ತದೆ. ಎರಡನೆಯ ಕಂಟೇನರಿನ ಕಾಫಿ ಅಷ್ಟು ಹೊತ್ತಿಗೆ ಕ್ಯೂರಿಂಗ್ ಮುಗಿಸಿರುವುದೇ ಇಲ್ಲ. 31D ಕಾಲಂ ಪ್ರಕಾರ ಎಲ್‌ಸಿಯ ಅವಧಿ ಜೂನ್ 25ಕ್ಕೆ, ಅದೂ ಅಮ್ಮಾನಿನಲ್ಲಿ ಮುಗಿಯುತ್ತದೆ. ದಾಖಲೆಗಳ ಪಟ್ಟಿಯಿರುವ 46A ಕಾಲಂನಲ್ಲಿ ವಿಮಾ ಪಾಲಿಸಿಯನ್ನೂ, ಬಾಡಿಗೆ ಪಾವತಿಯಾಗಿದೆ ಎಂದು ನಮೂದಿಸಿದ ಬಿಲ್ ಆಫ್ ಲೇಡಿಂಗನ್ನೂ ಕೇಳಲಾಗಿದೆ. ಎಫ್‌ಒಬಿ ದರಕ್ಕೆ ಮಾರಿದವನು ಇವೆರಡನ್ನು ಒದಗಿಸಬೇಕೆಂದರೆ ಬಾಡಿಗೆ, ವಿಮೆ ಎರಡನ್ನೂ ತನ್ನ ಲಾಭದಿಂದ ಕಟ್ಟಬೇಕು. ಅದೇ ಪಟ್ಟಿಯ ಕೊನೆಯಲ್ಲಿ, ಖರೀದಿದಾರನ ಪ್ರತಿನಿಧಿ ಸಹಿ ಮಾಡಿದ ತಪಾಸಣಾ ಪತ್ರವೂ ಬೇಕು ಎಂಬ ಸಾಲಿದೆ.

ಈ ಕೊನೆಯ ಸಾಲು ಎಲ್ಲಕ್ಕಿಂತ ಅಪಾಯದ್ದು. ಪ್ರತಿನಿಧಿ ಬರದಿದ್ದರೆ, ಬಂದು ಸಹಿ ಹಾಕದಿದ್ದರೆ ದಾಖಲೆ ಪೂರ್ಣವಾಗುವುದಿಲ್ಲ, ಹಣ ಬರುವುದಿಲ್ಲ. ಬ್ಯಾಂಕಿನ ವಾಗ್ದಾನದ ಬೀಗದ ಕೈ ಮತ್ತೆ ಖರೀದಿದಾರನ ಜೇಬಿಗೇ ಸೇರಿದಂತಾಗುತ್ತದೆ. ಗುಣಮಟ್ಟದ ಖಾತ್ರಿ ಬೇಕೆಂದು ಖರೀದಿದಾರ ಕೇಳುವುದು ನ್ಯಾಯವೇ. ಅದಕ್ಕೆ ಇಬ್ಬರೂ ಒಪ್ಪುವ ಸ್ವತಂತ್ರ ತಪಾಸಣಾ ಸಂಸ್ಥೆಯ ಪತ್ರ ಸಾಕು.

ಕಂಡ ವ್ಯತ್ಯಾಸಗಳನ್ನೆಲ್ಲ ತಿದ್ದಿಸಬೇಕಾಗಿಲ್ಲ. ಪ್ರತಿ ತಿದ್ದುಪಡಿಗೂ ಬ್ಯಾಂಕಿನ ಶುಲ್ಕವಿದೆ, ದಿನಗಳೂ ಕಳೆಯುತ್ತವೆ. ರಫ್ತುದಾರನ ವಿಳಾಸದಲ್ಲಿ ರಸ್ತೆಯ ಹೆಸರು ತಪ್ಪಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ದೇಶ ಒಂದೇ ಆಗಿದ್ದರೆ ದಾಖಲೆಯ ವಿಳಾಸ ಎಲ್‌ಸಿಯ ವಿಳಾಸದಂತೆಯೇ ಇರಬೇಕಿಲ್ಲ ಎಂದು ಯುಸಿಪಿ ಹೇಳುತ್ತದೆ. ಸರಕಿನ ವಿವರಣೆಯಲ್ಲಿ ಒಂದಕ್ಷರ ತಪ್ಪಿದ್ದು ಅರ್ಥ ಕೆಡದಿದ್ದರೆ, ಇನ್‌ವಾಯ್ಸಿನಲ್ಲೂ ಅದನ್ನು ಇದ್ದಂತೆಯೇ ನಕಲು ಮಾಡುವುದು ಅನುಭವಿಗಳ ರೂಢಿ. ಸಂಸ್ಥೆಯ ಹೆಸರೇ ಬೇರೆಯಾಗಿದ್ದರೆ ಮಾತ್ರ ಸುಮ್ಮನಿರುವಂತಿಲ್ಲ. ರಫ್ತುದಾರನಿಂದ ಪಾಲಿಸಲು ಆಗದ್ದು, ಪಾಲಿಸಿದರೆ ನಷ್ಟವಾಗುವಂಥದ್ದು, ಇನ್ನೊಬ್ಬರ ಮರ್ಜಿಗೆ ಬಿಟ್ಟದ್ದು, ಈ ಮೂರು ಬಗೆಯ ಷರತ್ತುಗಳನ್ನು ತಿದ್ದಿಸಿಕೊಳ್ಳಲೇಬೇಕು.

ಪತ್ರ ಹೋಗಬೇಕಾದದ್ದು ಖರೀದಿದಾರನಿಗೆ. ಎಲ್‌ಸಿ ತೆರೆದ ಬ್ಯಾಂಕಿಗೆ ರಫ್ತುದಾರ ನೇರವಾಗಿ ಬರೆದರೆ ಫಲವಿಲ್ಲ, ಏಕೆಂದರೆ ಆ ಬ್ಯಾಂಕು ತನ್ನ ಗಿರಾಕಿಯಾದ ಖರೀದಿದಾರನ ಸೂಚನೆಯಂತೆ ನಡೆಯುತ್ತದೆ. ಪತ್ರದ ಮೊದಲ ಸಾಲಿನಲ್ಲೇ ಎಲ್‌ಸಿ ಸಂಖ್ಯೆ, ದಿನಾಂಕ, ಬ್ಯಾಂಕಿನ ಹೆಸರು, ಒಪ್ಪಂದದ ಸಂಖ್ಯೆ ಇರಬೇಕು. ಎಲ್‌ಸಿ ತೆರೆಸಿದ್ದಕ್ಕೆ ಒಂದು ಕೃತಜ್ಞತೆಯ ಮಾತಾದ ಮೇಲೆ ನೇರ ವಿಷಯಕ್ಕೆ ಬರುವುದು ಒಳ್ಳೆಯದು. ಒಂದೊಂದು ಷರತ್ತಿಗೂ ಕಾಲಂ ಸಂಖ್ಯೆ, ಈಗ ಏನಿದೆ, ಒಪ್ಪಂದದ ಯಾವ ಕಲಮಿನಲ್ಲಿ ಏನಿದೆ, ತಿದ್ದಿದ ಮೇಲೆ ಯಾವ ಪದಗಳಿರಬೇಕು ಎಂದು ಬರೆಯಬೇಕು. ‘ದಿನಾಂಕವನ್ನು ಸೂಕ್ತವಾಗಿ ವಿಸ್ತರಿಸಿ’ ಎಂದು ಬರೆದರೆ ಖರೀದಿದಾರನ ಗುಮಾಸ್ತ ತನಗೆ ಸೂಕ್ತವೆನಿಸಿದ ದಿನಾಂಕ ಹಾಕುತ್ತಾನೆ. ಮತ್ತೊಂದು ಪತ್ರ ಬರೆಯಬೇಕಾಗುತ್ತದೆ. ಅವನು ಬ್ಯಾಂಕಿನ ಅರ್ಜಿಗೆ ಹಾಗೆಯೇ ಇಳಿಸಿಕೊಳ್ಳುವಂತೆ ಪದಗಳನ್ನು ಸಿದ್ಧಮಾಡಿ ಕೊಡುವುದೇ ಜಾಣತನ.

ಹಾಸನದ ರಫ್ತುದಾರನ ಪತ್ರದ ತಿರುಳು ಹೀಗಿರಬಹುದು: ‘43P ಕಾಲಂನಲ್ಲಿ ಭಾಗಶಃ ರವಾನೆಗೆ ಅನುಮತಿ ಇದೆ ಎಂದು ಬದಲಿಸಿ. 44Cಯಲ್ಲಿ ಜೂನ್ 15ರ ಬದಲು ಜೂನ್ 30 ಎಂದಾಗಲಿ. 31Dಯಲ್ಲಿ ಅವಧಿ ಜುಲೈ 21ರವರೆಗೆ, ಭಾರತದಲ್ಲಿ ಎಂದಾಗಲಿ. ದಾಖಲೆಗಳನ್ನು ಭಾರತದ ಯಾವುದೇ ಬ್ಯಾಂಕಿನಲ್ಲಿ ಒಪ್ಪಿಸಬಹುದು ಎಂದೂ ಸೇರಲಿ. 46Aಯಿಂದ ವಿಮಾ ಪಾಲಿಸಿಯನ್ನು ತೆಗೆದು, ಬಿಲ್ ಆಫ್ ಲೇಡಿಂಗಿನಲ್ಲಿ ಬಾಡಿಗೆಯನ್ನು ತಲುಪಿದ ಬಂದರಿನಲ್ಲಿ ವಸೂಲು ಮಾಡತಕ್ಕದ್ದು ಎಂದಿರಲಿ. ತಪಾಸಣಾ ಪತ್ರ ಒಪ್ಪಂದದಲ್ಲಿ ಹೆಸರಿಸಿದ ಸಂಸ್ಥೆಯದಾಗಿರಲಿ. ಈ ಬದಲಾವಣೆಗಳು ಒಪ್ಪಂದಕ್ಕೆ ಅನುಗುಣವಾಗಿರುವುದರಿಂದ ಶುಲ್ಕ ತಮ್ಮ ಕಡೆಯದು. ತಿದ್ದುಪಡಿ ನಮ್ಮ ಬ್ಯಾಂಕಿಗೆ ಮೇ 25ರೊಳಗೆ ತಲುಪಿದರೆ ಮೊದಲ ಕಂಟೇನರ್ ಒಪ್ಪಿದ ದಿನಕ್ಕೆ ಹೊರಡುತ್ತದೆ.’

ಇಲ್ಲಿ ಜುಲೈ 21 ಎಂಬ ದಿನ ಸುಮ್ಮನೆ ಬಂದದ್ದಲ್ಲ. ಎಲ್‌ಸಿಯಲ್ಲಿ ಬೇರೆ ಗಡುವು ಹೇಳದಿದ್ದರೆ, ಹಡಗು ಹತ್ತಿಸಿದ 21 ದಿನದೊಳಗೆ ದಾಖಲೆ ಒಪ್ಪಿಸಬೇಕೆಂಬುದು ಯುಸಿಪಿಯ ನಿಯಮ. ಜೂನ್ 30ಕ್ಕೆ 21 ದಿನ ಕೂಡಿಸಿದರೆ ಜುಲೈ 21. ರವಾನೆಯ ದಿನವನ್ನಷ್ಟೇ ಮುಂದೂಡಿಸಿ ಎಲ್‌ಸಿಯ ಅವಧಿಯನ್ನು ಮರೆಯುವುದು ಆಗಾಗ ಕಾಣುವ ತಪ್ಪು. ಹಾಗಾದರೆ ಸರಕು ಹೋಗುವ ಹೊತ್ತಿಗೆ ಎಲ್‌ಸಿಯೇ ಸತ್ತಿರುತ್ತದೆ. ಅವಧಿ ಮುಗಿಯುವ ಸ್ಥಳವೂ ಅಷ್ಟೇ ಮುಖ್ಯ. ಅದು ಅಮ್ಮಾನ್ ಎಂದಿದ್ದರೆ ಆ ದಿನಕ್ಕೆ ದಾಖಲೆಗಳು ಅಮ್ಮಾನಿನ ಬ್ಯಾಂಕಿನಲ್ಲೇ ಇರಬೇಕು. ಕೊರಿಯರ್ ತಡವಾದರೆ ನಷ್ಟ ರಫ್ತುದಾರನಿಗೆ.

ಪತ್ರ ಒಪ್ಪಿಗೆಯಾದರೆ ಖರೀದಿದಾರ ತನ್ನ ಬ್ಯಾಂಕಿಗೆ ತಿದ್ದುಪಡಿಯ ಅರ್ಜಿ ಕೊಡುತ್ತಾನೆ. ಆ ಬ್ಯಾಂಕು ಸ್ವಿಫ್ಟ್ ಜಾಲದಲ್ಲಿ MT707 ಎಂಬ ಸಂದೇಶ ಕಳಿಸುತ್ತದೆ. ಅದು ಭಾರತದ ಬ್ಯಾಂಕಿನ ಮೂಲಕ ರಫ್ತುದಾರನಿಗೆ ತಲುಪುತ್ತದೆ. ಈ ಸಂದೇಶ ಬರುವ ತನಕ ಎಲ್‌ಸಿ ಮೊದಲಿದ್ದಂತೆಯೇ ಇರುತ್ತದೆ. ‘ಎಲ್ಲ ಸರಿ, ತಿದ್ದುಪಡಿಗೆ ಹೇಳಿದ್ದೇನೆ, ಸರಕು ಕಳಿಸಿ’ ಎಂದು ಖರೀದಿದಾರ ಇ-ಮೇಲ್ ಮಾಡಿದರೂ, ಫೋನಿನಲ್ಲಿ ಆಣೆ ಇಟ್ಟು ಹೇಳಿದರೂ ಬ್ಯಾಂಕಿಗೆ ಅದು ಲೆಕ್ಕಕ್ಕಿಲ್ಲ. ನಂಬಿಕಸ್ಥ ಗಿರಾಕಿಯ ಮಾತಿಗೆ ಕಟ್ಟುಬಿದ್ದು ಕಂಟೇನರನ್ನು ಬಂದರಿಗೆ ಸಾಗಿಸಿದವರು ಸಿಕ್ಕಿಕೊಳ್ಳುವುದು ಇದೇ ಅಂತರದಲ್ಲಿ.

ಬಂದ ತಿದ್ದುಪಡಿಯನ್ನೂ ಎಲ್‌ಸಿಯಷ್ಟೇ ಎಚ್ಚರದಿಂದ ಓದಬೇಕು. ರವಾನೆಯ ದಿನ ಸರಿಯಾಗಿದ್ದು ತಪಾಸಣೆಯ ಷರತ್ತು ಹಾಗೇ ಉಳಿದಿರಬಹುದು. ಕೇಳದ ಹೊಸ ಷರತ್ತೊಂದು ಸೇರಿಕೊಂಡೂ ಇರಬಹುದು. ಒಂದು ತಿದ್ದುಪಡಿಯಲ್ಲಿ ಹಿಡಿಸಿದ್ದನ್ನು ಒಪ್ಪಿ ಹಿಡಿಸದ್ದನ್ನು ಬಿಡುವ ಅವಕಾಶ ಯುಸಿಪಿಯ 10ನೇ ವಿಧಿಯಲ್ಲಿ ಇಲ್ಲ. ಒಪ್ಪಿದರೆ ಇಡಿಯಾಗಿ ಒಪ್ಪಬೇಕು, ಇಲ್ಲವೇ ತಿರಸ್ಕರಿಸಿ ಇನ್ನೊಂದನ್ನು ಕೇಳಬೇಕು. ರಫ್ತುದಾರನಿಗೆ ಇಲ್ಲೊಂದು ರಕ್ಷಣೆಯೂ ಇದೆ: ಅವನ ಒಪ್ಪಿಗೆಯಿಲ್ಲದೆ ತಿದ್ದುಪಡಿ ಅವನ ಮೇಲೆ ಜಾರಿಯಾಗದು. ‘ಇಷ್ಟು ದಿನದೊಳಗೆ ನಿರಾಕರಿಸದಿದ್ದರೆ ಒಪ್ಪಿದಂತೆ’ ಎಂದು ಬರೆದಿದ್ದರೂ ಆ ಸಾಲನ್ನು ಗಣಿಸಲಾಗುವುದಿಲ್ಲ. ಆದರೆ ಬ್ಯಾಂಕಿಗೆ ಏನನ್ನೂ ತಿಳಿಸದೆ ತಿದ್ದುಪಡಿಗೆ ಹೊಂದುವ ದಾಖಲೆಗಳನ್ನು ಒಪ್ಪಿಸಿದರೆ, ಅದನ್ನೇ ಒಪ್ಪಿಗೆ ಎಂದು ಭಾವಿಸಲಾಗುತ್ತದೆ.

ಖರೀದಿದಾರ ತಿದ್ದಿಸಲು ಒಪ್ಪದಿದ್ದರೆ ಅಥವಾ ನಾಳೆ ನಾಳೆ ಎಂದು ಮುಂದೂಡುತ್ತಿದ್ದರೆ, ಸರಕನ್ನು ಗೋದಾಮಿನಲ್ಲೇ ತಡೆದಿಡುವುದು ಕ್ಷೇಮ. ಹಾಗೇ ಕಳಿಸಿದರೆ ದಾಖಲೆಗಳು ಹೊಂದುವುದಿಲ್ಲವೆಂದು ಬ್ಯಾಂಕು ಐದು ಕೆಲಸದ ದಿನಗಳೊಳಗೆ ನಿರಾಕರಿಸಬಹುದು. ಆಮೇಲೆ ಖರೀದಿದಾರ ಲೋಪಗಳನ್ನು ಮನ್ನಿಸಿ, ಬ್ಯಾಂಕೂ ಅದಕ್ಕೆ ಒಪ್ಪಿದರೆ ಮಾತ್ರ ಹಣ ಬರುತ್ತದೆ. ಅಷ್ಟರಲ್ಲಿ ಕಾಫಿ ಅಕಾಬಾ ಬಂದರಿನಲ್ಲಿ ನಿಂತು ದಿನದಿನಕ್ಕೆ ಬಾಡಿಗೆ ಏರುತ್ತಿರುತ್ತದೆ. ಮಾರುಕಟ್ಟೆಯ ದರ ಇಳಿದಿದ್ದರೆ, ಟನ್ನಿಗೆ ಇಷ್ಟು ಕಡಿಮೆ ಮಾಡಿದರೆ ಬಿಡಿಸಿಕೊಳ್ಳುತ್ತೇನೆ ಎಂಬ ಮಾತು ಬರುವುದು ಆಗಲೇ.

ತಿದ್ದುಪಡಿ ಕೇಳದೆ ಸುಮ್ಮನಿದ್ದರೆ ಒಪ್ಪಂದದ ಹಕ್ಕೂ ಹೋಗಬಹುದು ಎಂಬುದಕ್ಕೆ ಕಾಫಿ ವ್ಯಾಪಾರದ್ದೇ ಒಂದು ಪ್ರಸಿದ್ಧ ಮೊಕದ್ದಮೆ ಇದೆ. ಕೀನ್ಯಾದ ಡಬ್ಲ್ಯು. ಜೆ. ಅಲನ್ ಕಂಪನಿ 1967ರಲ್ಲಿ ಎಲ್ ನಸ್ರ್ ಎಂಬ ರಫ್ತು-ಆಮದು ಕಂಪನಿಗೆ ಕಾಫಿ ಮಾರಿತು. ಒಪ್ಪಂದದ ದರ ಕೀನ್ಯಾ ಶಿಲ್ಲಿಂಗಿನಲ್ಲಿತ್ತು; ತೆರೆದ ಎಲ್‌ಸಿ ಬ್ರಿಟನ್ನಿನ ಪೌಂಡಿನಲ್ಲಿತ್ತು. ಆಗ ಎರಡೂ ನಾಣ್ಯಗಳ ಬೆಲೆ ಸಮನಾಗಿದ್ದರಿಂದ ಮಾರಾಟಗಾರರು ಆಕ್ಷೇಪಿಸದೆ ಕಾಫಿ ಕಳಿಸುತ್ತ, ಪೌಂಡಿನಲ್ಲೇ ಹಣ ಪಡೆಯುತ್ತ ಹೋದರು. ಆ ನವೆಂಬರಿನಲ್ಲಿ ಬ್ರಿಟನ್ ಪೌಂಡಿನ ಅಪಮೌಲ್ಯ ಮಾಡಿತು, ಕೀನ್ಯಾ ತನ್ನ ಶಿಲ್ಲಿಂಗಿನದನ್ನು ಮಾಡಲಿಲ್ಲ. ಕೊನೆಯ ಕಂತಿನ ವ್ಯತ್ಯಾಸದ ಹಣವನ್ನು ಮಾರಾಟಗಾರರು ಕೇಳಿದಾಗ, ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1972ರಲ್ಲಿ ಅವರಿಗೆ ವಿರುದ್ಧವಾಗಿ ತೀರ್ಪಿತ್ತಿತು. ಒಪ್ಪಂದಕ್ಕೆ ಹೊಂದದ ಎಲ್‌ಸಿಯನ್ನು ತಕರಾರಿಲ್ಲದೆ ಬಳಸಿಕೊಂಡವರು ಆಮೇಲೆ ಹಳೆಯ ಷರತ್ತಿಗೆ ಮರಳಲಾಗದು ಎಂಬುದು ಅದರ ಸಾರ.

ಈ ಕಾರಣದಿಂದಲೇ ತಿದ್ದುಪಡಿ ಕೋರುವ ಪತ್ರದಲ್ಲಿ, ಒಪ್ಪಂದದ ಅಡಿಯಲ್ಲಿ ತನಗಿರುವ ಯಾವ ಹಕ್ಕನ್ನೂ ಬಿಟ್ಟುಕೊಟ್ಟಿಲ್ಲ ಎಂಬ ಒಂದು ಸಾಲನ್ನು ಅನುಭವಿ ರಫ್ತುದಾರರು ಸೇರಿಸುತ್ತಾರೆ. ಯಾವುದೋ ಒಂದು ಸಣ್ಣ ವ್ಯತ್ಯಾಸವನ್ನು ಗಿರಾಕಿಯ ಮೇಲಿನ ಗೌರವಕ್ಕೆ ಒಪ್ಪಿಕೊಳ್ಳುವುದಾದರೆ, ಅದು ಈ ರವಾನೆಗೆ ಮಾತ್ರ ಎಂದು ಬರಹದಲ್ಲೇ ತಿಳಿಸಿ, ಆ ಪತ್ರದ ಪ್ರತಿಯನ್ನು ಎಲ್‌ಸಿಯ ಜೊತೆಗೇ ಫೈಲಿನಲ್ಲಿ ಇಡುತ್ತಾರೆ.