ಒಂದು ಪ್ರಶ್ನೆಯೊಳಗೆ ಎರಡು

‘ಬಿಸಿಯೂಟ ರುಚಿಯಾಗಿ, ಸಾಕಷ್ಟು ಸಿಗುತ್ತದೆಯೇ?’ ಸಾರು ಇಷ್ಟವಾದರೂ ಹೊಟ್ಟೆ ತುಂಬದ ಐದನೇ ತರಗತಿಯ ಹುಡುಗಿ ಯಾವುದಕ್ಕೆ ಗುರುತು ಹಾಕಬೇಕು? ಇಲ್ಲಿರುವುದು ಎರಡು ಪ್ರಶ್ನೆ, ಬಿಡಿಸಿಯೇ ಕೇಳಬೇಕು.

‘ಆಗಾಗ’, ‘ಕೆಲವೊಮ್ಮೆ’ ಎಂಬ ಉತ್ತರಗಳಲ್ಲಿ ಒಬ್ಬೊಬ್ಬರ ಅಳತೆ ಒಂದೊಂದು. ‘ಕಳೆದ ವಾರ ಎಷ್ಟು ದಿನ ಊಟವಾದ ಮೇಲೂ ಹಸಿವಿತ್ತು?’ ಎಂದು ಕೇಳಿ, ‘ಒಂದು ದಿನವೂ ಇಲ್ಲ’, ‘1–2 ದಿನ’, ‘3 ದಿನ ಅಥವಾ ಹೆಚ್ಚು’ ಎಂದು ಕೊಡುವುದು ಲೇಸು. ‘ಒಪ್ಪುತ್ತೇನೆ, ಒಪ್ಪುವುದಿಲ್ಲ’ ಮಾದರಿ ಮಕ್ಕಳಿಗೆ ಬೇಡವೆಂದೇ ನನ್ನ ಅಭಿಪ್ರಾಯ. ಮೇಷ್ಟ್ರು ಎದುರಿಗಿದ್ದರೆ ಎಲ್ಲಕ್ಕೂ ಒಪ್ಪಿಗೆಯೇ!

ಅಚ್ಚಿಗೆ ಮೊದಲು ಬೇರೆ ಶಾಲೆಯ ಎಂಟು-ಹತ್ತು ಮಕ್ಕಳಿಗೆ ಕೊಟ್ಟು ನೋಡಬೇಕು. ಉತ್ತರವಷ್ಟೇ ಸಾಲದು, ‘ಈ ಪ್ರಶ್ನೆ ಏನು ಕೇಳುತ್ತಿದೆ, ನಿನ್ನ ಮಾತಲ್ಲಿ ಹೇಳು’ ಎನ್ನಬೇಕು. ‘ಕಳೆದ ವಾರ’ವನ್ನು ಕೆಲವರು ಹಿಂದಿನ ಏಳು ದಿನವೆಂದೂ ಕೆಲವರು ಕಳೆದ ಸೋಮವಾರದಿಂದ ಶನಿವಾರವೆಂದೂ ತಿಳಿದಿದ್ದರೆ, ವಾರಗಳ ಹೆಸರನ್ನೇ ಬರೆದು ಟಿಕ್ ಹಾಕಿಸುವುದು ಒಳ್ಳೆಯದು.